ಹಿಸುಕಿದರೆ ತಣ್ಣಗಾಗುವ ಚೀಲ

ಈ ವರ್ಷ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡದ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆಟ ಬರುವುದಿಲ್ಲ, ಆದರೆ ಸೈನ್ಸ್ ವಿದ್ಯಾರ್ಥಿ, ಅಷ್ಟೇ ಅರ್ಹತೆ. ತಾಲೂಕು ಮಟ್ಟದ ಪಂದ್ಯದ ದಿನ ನಮ್ಮ ಗೋಲ್ ಕೀಪರ್‌ನ ಕಾಲಿನ ಗಂಟು ಹೊರಳಿತು. ಪೆಟ್ಟಿಗೆಯಲ್ಲಿ ಎರಡು ಕೋಲ್ಡ್ ಪ್ಯಾಕ್‌ಗಳಿದ್ದವು. ಫ್ರಿಜ್ ಬೇಕಾಗಿಲ್ಲ, ಹಿಸುಕಿದರೆ ಸಾಕು ಎಂದು ಅದರ ಮೇಲೆ ಬರೆದಿರುತ್ತದೆ. ಪಿ.ಇ. ಸರ್ ಮೊದಲನೆಯದನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿದರು. ಏನೂ ಆಗಲಿಲ್ಲ. ಮೈದಾನದ ಬಿಸಿಲಿಗೆ ಬೆಚ್ಚಗಿದ್ದದ್ದು ಬೆಚ್ಚಗೇ ಉಳಿಯಿತು. ಎರಡನೆಯದನ್ನು ಒತ್ತಿದಾಗ ಒಳಗೆ 'ಟಪ್' ಎಂದು ಏನೋ ಒಡೆಯಿತು. ಅಲುಗಿಸಿದ ಅರ್ಧ ನಿಮಿಷದಲ್ಲಿ ಚೀಲದ ಹೊರಗೆ ನೀರಹನಿ ಕಟ್ಟುವಷ್ಟು ತಂಪಾಯಿತು. ಬಾತುಕೊಳ್ಳುತ್ತಿದ್ದ ಕಾಲಿಗೆ ಅದೇ ಗತಿಯಾಯಿತು.

ಸತ್ತ ಚೀಲವನ್ನು ನಾನು ಎಸೆಯಲಿಲ್ಲ. ಮರುದಿನ ಕೆಮಿಸ್ಟ್ರಿ ಲ್ಯಾಬಿಗೆ ತೆಗೆದುಕೊಂಡು ಹೋಗಿ, ಸರ್ ಅನುಮತಿಯಿಂದ ಸಿಂಕಿನ ಮೇಲೆ ಕತ್ತರಿಸಿದೆವು. ಇಂಥ ಚೀಲದಲ್ಲಿ ಎರಡು ಮನೆ. ಹೊರಗಿನ ದಪ್ಪ ಚೀಲದಲ್ಲಿ ಬಿಳಿ ಹರಳುಗಳು. ಅದರೊಳಗೆ ತೆಳು ಪ್ಲಾಸ್ಟಿಕ್ಕಿನ ಸಣ್ಣ ಚೀಲದಲ್ಲಿ ನೀರು. ಒತ್ತಿದಾಗ ತೆಳುವಾದದ್ದು ಒಡೆದು ನೀರು ಹರಳಿಗೆ ಸೇರಬೇಕು. ನಮ್ಮ ಚೀಲದಲ್ಲಿ ಒಳಚೀಲದ ಅಂಚು ಮೊದಲೇ ಬಿಟ್ಟಿತ್ತು. ನೀರು ಎಂದೋ ಸೋರಿ, ಹರಳು ಎಂದೋ ಕರಗಿ, ಅದು ತಣ್ಣಗಾಗಬೇಕಾದ ಹೊತ್ತಿನಲ್ಲಿ ಯಾವುದೋ ಅಂಗಡಿಯ ಕಪಾಟಿನಲ್ಲಿ ಒಂಟಿಯಾಗಿ ತಣ್ಣಗಾಗಿ ಮುಗಿಸಿತ್ತು. ಒಳಗೆ ಸಿಕ್ಕಿದ್ದು ಕೇವಲ ಉಪ್ಪುನೀರು ಮತ್ತು ತಳದಲ್ಲಿ ಒಂದಿಷ್ಟು ಗಟ್ಟಿ.

ಆಗ ಗೆಳೆಯನೊಬ್ಬ ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಕಾರಣ. "ಕರಗಿದರೆ ತಣ್ಣಗಾಗುತ್ತದೆ ಅಂತೀಯಲ್ಲ, ಮೊನ್ನೆ ಕಾಸ್ಟಿಕ್ ಸೋಡಾ ಕರಗಿಸುವಾಗ ಬೀಕರ್ ಮುಟ್ಟಲಾಗದಷ್ಟು ಬಿಸಿಯಾಗಿತ್ತಲ್ಲ? ಎರಡೂ ಕರಗುವುದೇ ತಾನೇ?"

ಪ್ರಶ್ನೆ ಸರಿಯಾಗಿಯೇ ಇದೆ. ಫಸ್ಟ್ ಪಿಯುಸಿಯ ಥರ್ಮೊಡೈನಾಮಿಕ್ಸ್ ಪಾಠದಲ್ಲಿ ಇದರ ಉತ್ತರ ಅರ್ಧ ಪುಟದಲ್ಲಿದೆ. ನಾವೆಲ್ಲ ಅದನ್ನು ಎರಡು ಅಂಕಕ್ಕೆ ಓದಿ ದಾಟಿದವರೇ. ಸರ್ ಅದನ್ನು ಮತ್ತೆ ತೆರೆಸಿದರು.

ಅಡುಗೆ ಉಪ್ಪನ್ನೇ ನೋಡಿ. ಹರಳಿನಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿವೆ. ಒಂದು ಮೋಲ್, ಎಂದರೆ 58.5 ಗ್ರಾಂ ಉಪ್ಪಿನ ಹಿಡಿತವನ್ನು ಪೂರ್ತಿ ಬಿಡಿಸಿ ಅಯಾನುಗಳನ್ನು ದೂರ ದೂರ ಮಾಡಲು 788 ಕಿಲೋಜೂಲ್ ಶಕ್ತಿ ಬೇಕು. ಇದು ಖರ್ಚು. ಇನ್ನೊಂದು ಕಡೆ, ಬಿಡಿಯಾದ ಅಯಾನುಗಳ ಸುತ್ತ ನೀರಿನ ಅಣುಗಳು ಮುತ್ತಿಕೊಳ್ಳುತ್ತವೆ. ನೀರಿನ ಅಣುವಿನಲ್ಲಿ ಆಮ್ಲಜನಕದ ಕಡೆ ಸ್ವಲ್ಪ ಋಣ, ಜಲಜನಕದ ಕಡೆ ಸ್ವಲ್ಪ ಧನ ವಿದ್ಯುದಂಶ ಇರುವುದರಿಂದ ಅದಕ್ಕೆ ಎರಡು ಬಗೆಯ ಅಯಾನಿನ ಮೇಲೂ ಸೆಳೆತವಿದೆ. ಹೀಗೆ ಮುತ್ತಿಕೊಂಡಾಗ 784 ಕಿಲೋಜೂಲ್ ಹೊರಬರುತ್ತದೆ. ಇದು ಆದಾಯ. ಖರ್ಚು 788, ಆದಾಯ 784. ಕೊರತೆ 4 ಕಿಲೋಜೂಲ್. ಈ ಕೊರತೆಯನ್ನು ಅಯಾನುಗಳು ಸುತ್ತಲಿನ ನೀರಿನಿಂದಲೇ ಕಸಿದುಕೊಳ್ಳುತ್ತವೆ, ನೀರು ತಣ್ಣಗಾಗುತ್ತದೆ. ಉಪ್ಪಿನ ವಿಷಯದಲ್ಲಿ ಕೊರತೆ ತೀರಾ ಚಿಕ್ಕದು. ಅದಕ್ಕೇ ಗಂಜಿಗೆ ಉಪ್ಪು ಹಾಕಿದಾಗ ಯಾರಿಗೂ ಅದು ಗೊತ್ತಾಗುವುದಿಲ್ಲ.

ಕೋಲ್ಡ್ ಪ್ಯಾಕಿನಲ್ಲಿ ಹೆಚ್ಚಾಗಿ ಬಳಸುತ್ತಾ ಬಂದಿರುವ ಅಮೋನಿಯಂ ನೈಟ್ರೇಟಿನಲ್ಲಿ ಈ ಕೊರತೆ ಮೋಲಿಗೆ ಸುಮಾರು 26 ಕಿಲೋಜೂಲ್. ನಿರ್ಜಲ ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ತಿರುಗುಮುರುಗು: ಅಲ್ಲಿ ಆದಾಯವೇ ಖರ್ಚಿಗಿಂತ ಸುಮಾರು 81 ಕಿಲೋಜೂಲ್ ಹೆಚ್ಚು, ಅದು ಬಿಸಿಯಾಗಿ ಹೊರಬೀಳುತ್ತದೆ. ಕ್ಯಾಲ್ಸಿಯಂ ಅಯಾನು ಎರಡು ಧನ ವಿದ್ಯುದಂಶ ಹೊತ್ತ ಚಿಕ್ಕ ಅಯಾನು. ನೀರನ್ನು ಬಲವಾಗಿ ಸೆಳೆಯುತ್ತದೆ. ಅಮೋನಿಯಂ, ನೈಟ್ರೇಟ್ ಎರಡೂ ದೊಡ್ಡವು, ಒಂದೊಂದೇ ವಿದ್ಯುದಂಶದವು. ನೀರಿನ ಜೊತೆ ಅವುಗಳ ನಂಟು ಸಡಿಲ.

ಹಾಗಾದರೆ ಅಯಾನಿನ ಗಾತ್ರ ನೋಡಿಯೇ ಬಿಸಿಯೋ ತಂಪೋ ಹೇಳಿಬಿಡಬಹುದೇ ಎಂದು ನಾನು ಕೇಳಿದೆ. ಸರ್ ನಕ್ಕರು. ಕ್ಯಾಲ್ಸಿಯಂ ನೀರನ್ನು ಬಲವಾಗಿ ಸೆಳೆಯುತ್ತದೆ ನಿಜ, ಆದರೆ ಅದೇ ಕಾರಣಕ್ಕೆ ಹರಳಿನಲ್ಲಿ ಕ್ಲೋರೈಡನ್ನೂ ಬಲವಾಗಿ ಹಿಡಿದಿರುತ್ತದೆ. ಖರ್ಚು ಆದಾಯ ಎರಡೂ ಒಟ್ಟಿಗೆ ಏರುತ್ತವೆ. ಉತ್ತರ ಇರುವುದು ಎರಡು ದೊಡ್ಡ ಸಂಖ್ಯೆಗಳ ನಡುವಿನ ಸಣ್ಣ ವ್ಯತ್ಯಾಸದಲ್ಲಿ. ಉಪ್ಪಿನ 788ರಲ್ಲಿ ನೂರಕ್ಕೆ ಒಂದರಷ್ಟು ತಪ್ಪಿದರೂ 8 ಕಿಲೋಜೂಲ್ ಹೆಚ್ಚುಕಡಿಮೆಯಾಗಿ, ತಂಪಾಗುವ ಉಪ್ಪು ಕಾಗದದ ಮೇಲೆ ಬಿಸಿಯಾಗಿಬಿಡುತ್ತದೆ. "ಥರ್ಮಾಮೀಟರ್ ತಗೊಂಡು ಅಳೆಯಿರಿ," ಎಂದರು.

ಅಳೆದೆವು. ಅಮೋನಿಯಂ ನೈಟ್ರೇಟ್ ನಮ್ಮ ಲ್ಯಾಬಿನಲ್ಲಿಲ್ಲ. ಅದು ಸ್ಫೋಟಕ ತಯಾರಿಕೆಗೂ ಬಳಕೆಯಾಗುವುದರಿಂದ 2012ರ ಅಮೋನಿಯಂ ನೈಟ್ರೇಟ್ ನಿಯಮಗಳ ಪ್ರಕಾರ ಅದನ್ನು ಇಟ್ಟುಕೊಳ್ಳಲು, ಮಾರಲು ಪರವಾನಗಿ ಬೇಕು. ಅದರ ಬದಲು ಸಾಲ್ಟ್ ಅನಾಲಿಸಿಸ್‌ಗೆಂದು ಇರುವ ಅಮೋನಿಯಂ ಕ್ಲೋರೈಡ್, ಅಂದರೆ ನವಸಾಗರ ತೆಗೆದುಕೊಂಡೆವು. ಕ್ಯಾಂಟೀನಿನಿಂದ ತಂದ ಎರಡು ಥರ್ಮಾಕೋಲ್ ಲೋಟಗಳನ್ನು ಒಂದರೊಳಗೊಂದು ಇಟ್ಟರೆ ಕ್ಯಾಲೋರಿಮೀಟರ್ ಸಿದ್ಧ. ಗಾಜಿನ ಬೀಕರ್ ಬೇಡ. ಅದು ತಾನೇ ಶಾಖ ಕೊಟ್ಟು, ತೆಗೆದುಕೊಂಡು ಲೆಕ್ಕ ಕೆಡಿಸುತ್ತದೆ.

50 ಮಿ.ಲೀ. ನೀರು, 28 ಡಿಗ್ರಿ. 10 ಗ್ರಾಂ ನವಸಾಗರ ಹಾಕಿ ಕಲಕಿದೆವು. ಮೊದಲು ಲೆಕ್ಕ ಹೇಳಿಬಿಡುತ್ತೇನೆ. ನವಸಾಗರದ ಕೊರತೆ ಮೋಲಿಗೆ 14.8 ಕಿಲೋಜೂಲ್, ಒಂದು ಮೋಲ್ 53.5 ಗ್ರಾಂ. ಹಾಗಾಗಿ 10 ಗ್ರಾಂ ಕರಗಲು ಸುಮಾರು 2770 ಜೂಲ್ ಬೇಕು. ದ್ರಾವಣದ ತೂಕ 60 ಗ್ರಾಂ. ಅದು ನೀರಿನಂತೆಯೇ ಗ್ರಾಮಿಗೆ, ಡಿಗ್ರಿಗೆ 4.18 ಜೂಲ್ ಕೊಡುತ್ತದೆ ಎಂದುಕೊಂಡರೆ ಒಂದು ಡಿಗ್ರಿ ಇಳಿಯಲು 251 ಜೂಲ್ ಹೋಗಬೇಕು. 2770ನ್ನು 251ರಿಂದ ಭಾಗಿಸಿದರೆ 11. ಅಂದರೆ 17 ಡಿಗ್ರಿಗೆ ಬರಬೇಕು. ಥರ್ಮಾಮೀಟರ್ 18ರಲ್ಲಿ ನಿಂತಿತು. ಲೋಟದ ಬಾಯಿಂದ ಒಳಬಂದ ಕೋಣೆಯ ಶಾಖಕ್ಕೆ ಒಂದು ಡಿಗ್ರಿ ಬಿಟ್ಟುಕೊಟ್ಟರೆ, ಪುಸ್ತಕದ ಸಂಖ್ಯೆ ಕಣ್ಣೆದುರು ಬಂದಂತಾಯಿತು.

ಈಗ ಕ್ಯಾಲ್ಸಿಯಂ ಕ್ಲೋರೈಡಿನ ಸರದಿ. ಅದೇ ಲೆಕ್ಕದಲ್ಲಿ 10 ಗ್ರಾಮಿಗೆ ಸುಮಾರು 7300 ಜೂಲ್ ಹೊರಬರಬೇಕು. 28ರಿಂದ 57 ಡಿಗ್ರಿಗೆ ಏರಬೇಕು. ಲ್ಯಾಬಿನ ಅಣ್ಣ ಕಪಾಟಿನಿಂದ ಒಂದು ಹಳೆಯ ಸೀಸೆ ತೆಗೆದುಕೊಟ್ಟರು. ತೂಗಿ, ಹಾಕಿ, ಕಲಕಿದೆವು. 39ಕ್ಕೆ ಬಂದು ನಿಂತುಬಿಟ್ಟಿತು. ಮತ್ತೊಮ್ಮೆ ಮಾಡಿದರೂ ಅಷ್ಟೇ.

ಇದಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತು ತಲೆ ಕೆಡಿಸಿಕೊಂಡೆವು. ಸೀಸೆಯೊಳಗೆ ನೋಡಿದಾಗ ಸುಳಿವು ಸಿಕ್ಕಿತು. ತುಂಡುಗಳು ಒಂದಕ್ಕೊಂದು ಅಂಟಿಕೊಂಡು ಮೈಯೆಲ್ಲ ಬೆವತಂತೆ ಹೊಳೆಯುತ್ತಿದ್ದವು. ಕರಾವಳಿಯ ಮಳೆಗಾಲದಲ್ಲಿ ಬಿರಡೆ ಸರಿಯಾಗಿ ಕೂರದ ಸೀಸೆಯಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯ ತೇವವನ್ನು ಕುಡಿಯುತ್ತಲೇ ಇರುತ್ತದೆ. ಕುಡಿದ ನೀರು ಹರಳಿನ ಒಳಗೇ ಕ್ಯಾಲ್ಸಿಯಮ್ಮಿನ ಸುತ್ತ ಕುಳಿತುಬಿಡುತ್ತದೆ. ಅಂದರೆ ಬಿಸಿ ಕೊಡಬೇಕಾದ ಕೆಲಸದ ಒಂದು ಪಾಲು ಕಪಾಟಿನಲ್ಲೇ, ತಿಂಗಳುಗಟ್ಟಲೆ ನಿಧಾನವಾಗಿ, ಯಾರಿಗೂ ಗೊತ್ತಾಗದಂತೆ ಮುಗಿದಿತ್ತು. ಮೈದಾನದಲ್ಲಿ ಸತ್ತಿದ್ದ ನಮ್ಮ ಕೋಲ್ಡ್ ಪ್ಯಾಕಿನ ಕತೆಯೇ ಇದೂ, ಆದರೆ ಬಿಸಿಯ ಕಡೆಯಿಂದ.

ಸರ್ ಹೇಳಿದಂತೆ ಆ ತುಂಡುಗಳನ್ನು ಚೈನಾ ಡಿಶ್‌ನಲ್ಲಿ ಹಾಕಿ ಬರ್ನರ್ ಮೇಲೆ ಕಾಯಿಸಿದೆವು. ಮೊದಲು ಕರಗಿ ನೀರಾಯಿತು, ಆಮೇಲೆ ಕೊತಕೊತ ಗುಳ್ಳೆಯೆದ್ದಿತು, ಕೊನೆಗೆ ಬಿಳಿಯ ಒಣ ಗಟ್ಟಿ ಉಳಿಯಿತು. ಡೆಸಿಕೇಟರಿನಲ್ಲಿ ಆರಿಸಿ, ಕುಟ್ಟಿ, ತಕ್ಷಣ 10 ಗ್ರಾಂ ತೂಗಿ ನೀರಿಗೆ ಹಾಕಿದೆವು. ಈ ಸಲ 51 ಡಿಗ್ರಿ! ಪೂರ್ತಿ ಒಣಗಿರಲಿಲ್ಲವೇನೋ, ಒಂದಿಷ್ಟು ಬಿಸಿ ಲೋಟದ ಹೊರಗೂ ಹೋಗಿರಬೇಕು. ಆದರೂ ಲೋಟ ಹಿಡಿದವರ ಬೆರಳಿಗೆ ವ್ಯತ್ಯಾಸ ಗೊತ್ತಾಯಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಒಂದೇ ಉಪ್ಪು ಹೇಗೆ ಇಷ್ಟು ಬೇರೆಯಾಗಿ ನಡೆದುಕೊಂಡಿತು? ಬರ್ನರ್ ನೀರನ್ನು ಓಡಿಸಲು ಶಾಖ ಖರ್ಚು ಮಾಡಿತು. ನಾವು ಮತ್ತೆ ನೀರು ಕೊಟ್ಟಾಗ ಆ ಶಾಖವೇ ಹಿಂದಕ್ಕೆ ಬಂತು. ನಿರ್ಜಲ ಉಪ್ಪು ಎಂದರೆ ಒಲೆಯಿಂದ ಸಾಲ ತೆಗೆದುಕೊಂಡು ಕೂತ ಉಪ್ಪು. ಆರು ನೀರಿನ ಅಣು ಕುಡಿದು ತೃಪ್ತಿಯಾದ ಕ್ಯಾಲ್ಸಿಯಂ ಕ್ಲೋರೈಡ್ ಹರಳನ್ನು ನೀರಿಗೆ ಹಾಕಿದರೆ ಬಿಸಿಯಾಗುವುದೇ ಇಲ್ಲ, ತಣ್ಣಗಾಗುತ್ತದೆ. 'ಕ್ಯಾಲ್ಸಿಯಂ ಕ್ಲೋರೈಡ್ ಕರಗಿದರೆ ಬಿಸಿ' ಎಂಬ ವಾಕ್ಯದಲ್ಲಿ 'ನಿರ್ಜಲ' ಎಂಬ ಪದ ಬಿಟ್ಟುಹೋದರೆ ವಾಕ್ಯವೇ ತಪ್ಪಾಗಿಬಿಡಬಹುದು.

ನಮ್ಮ ಊರಿನಲ್ಲಿ ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಮಾಡುವಾಗ ಬಳಸುವ ಮೈಲುತುತ್ತವೂ ಹೀಗೆಯೇ. ನೀಲಿ ಹರಳಿನಲ್ಲಿ ಐದು ನೀರಿನ ಅಣುಗಳಿವೆ. ಅದು ಕರಗುವಾಗ ಮೋಲಿಗೆ 11.7 ಕಿಲೋಜೂಲ್ ಕಸಿದುಕೊಳ್ಳುತ್ತದೆ. ಕಾಯಿಸಿ ಬಿಳಿಯಾಗಿಸಿದ ಮೈಲುತುತ್ತ 66.5 ಕಿಲೋಜೂಲ್ ಹೊರಹಾಕುತ್ತದೆ. ಹೆಸ್ ನಿಯಮದ ಲೆಕ್ಕದಲ್ಲಿ ಪರೀಕ್ಷೆಗೆ ಬರುವ 78.2 ಎಂಬ ಉತ್ತರ ಈ ಎರಡರ ಮೊತ್ತ. ಬಿಳಿಯದು ನೀಲಿಯಾಗುವಾಗ ಬಿಡುವ ಶಾಖ. ಅಂದ ಹಾಗೆ, ಅದೇ ದ್ರಾವಣಕ್ಕೆ ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿದಾಗ ಅದು ಕುದಿಯುವುದು ಬೇರೆ ಸಂಗತಿ. ಅಲ್ಲಿ ಸುಣ್ಣ ಕರಗುತ್ತಿಲ್ಲ, ನೀರಿನೊಡನೆ ಕೂಡಿ ಹೊಸ ವಸ್ತುವೇ ಆಗುತ್ತಿದೆ.

ಗೆಳೆಯ ಸುಮ್ಮನಾಗಲಿಲ್ಲ. "ಕೊರತೆ ಇದ್ದ ಮೇಲೆ ಅದು ಕರಗುವುದೇ ಯಾಕೆ? ನಷ್ಟದ ವ್ಯಾಪಾರ ಯಾರು ಮಾಡುತ್ತಾರೆ?" ಎಂದ. ಅವನ ಮನೆಯಲ್ಲಿ ಅಂಗಡಿ ಇದೆ, ಪ್ರಶ್ನೆ ಹಾಗೇ ಬರುತ್ತದೆ. ಉತ್ತರ ಎಂಟ್ರೋಪಿಯಲ್ಲಿದೆ. ಹರಳಿನಲ್ಲಿ ಸಾಲಾಗಿ ಕೂತಿದ್ದ ಅಯಾನುಗಳಿಗೆ ನೀರಿನಲ್ಲಿ ಇರಲು ಎಣಿಸಲಾರದಷ್ಟು ಜಾಗ, ಎಣಿಸಲಾರದಷ್ಟು ಬಗೆ. ಅಮೋನಿಯಂ ನೈಟ್ರೇಟಿನಲ್ಲಿ ಈ ಹರಡುವಿಕೆಯ ಬೆಲೆ, 25 ಡಿಗ್ರಿಯಲ್ಲಿ, ಮೋಲಿಗೆ ಸುಮಾರು 32 ಕಿಲೋಜೂಲಿಗೆ ಸಮ. ಶಾಖದ ಕೊರತೆ 26. ಒಟ್ಟು ಲೆಕ್ಕದಲ್ಲಿ 6ಕ್ಕಿಂತ ಹೆಚ್ಚು ಉಳಿಯುತ್ತದೆ, ಹಾಗಾಗಿ ಅದು ತಾನಾಗಿಯೇ ಕರಗುತ್ತದೆ. ಅಂಗಡಿಯ ಗಲ್ಲಾಪೆಟ್ಟಿಗೆ ಮಾತ್ರ ನೋಡಿದರೆ ನಷ್ಟ, ಪೂರ್ತಿ ಖಾತೆ ನೋಡಿದರೆ ಲಾಭ ಎಂದು ಹೇಳಿದಾಗ ಅವನಿಗೆ ಸಮಾಧಾನವಾಯಿತು.

ಈ ತಂಪನ್ನು ನಮ್ಮ ದೇಶದಲ್ಲಿ ಬಳಸಿದ್ದು ಇಂದು ನಿನ್ನೆಯಲ್ಲ. ಅಕ್ಬರನ ಆಸ್ಥಾನದ ವಿವರಗಳನ್ನು ಅಬುಲ್ ಫಜಲ್ ಬರೆದಿಟ್ಟ 'ಐನ್-ಇ-ಅಕ್ಬರಿ'ಯಲ್ಲಿ ಕುಡಿಯುವ ನೀರಿನ ವ್ಯವಸ್ಥೆಯ ಬಗ್ಗೆ ಒಂದು ಭಾಗವಿದೆ. ಅಲ್ಲಿ ಪೆಟ್ಲುಪ್ಪಿನಿಂದ, ಎಂದರೆ ಪೊಟ್ಯಾಸಿಯಂ ನೈಟ್ರೇಟಿನಿಂದ, ನೀರು ತಂಪು ಮಾಡುವ ಕ್ರಮ ಅಳತೆಯ ಸಮೇತ ಇದೆ: ಲೋಹದ ಹೂಜಿಯಲ್ಲಿ ಒಂದು ಸೇರು ಕುಡಿಯುವ ನೀರು ತುಂಬಿ ಬಾಯಿ ಮುಚ್ಚಬೇಕು; ಬೇರೊಂದು ಪಾತ್ರೆಯಲ್ಲಿ ಐದು ಸೇರು ನೀರಿಗೆ ಎರಡೂವರೆ ಸೇರು ಪೆಟ್ಲುಪ್ಪು ಹಾಕಿ, ಅದರಲ್ಲಿ ಹೂಜಿಯನ್ನು ಕಾಲು ಗಂಟೆ ತಿರುಗಿಸಬೇಕು. ಮದ್ದಿನ ಪುಡಿಯಲ್ಲಿ ಬೆಂಕಿ ಉಗುಳುವ ಉಪ್ಪೇ ಇಲ್ಲಿ ತಂಪು ಕೊಡುತ್ತದೆ ಎಂಬುದು ಅಬುಲ್ ಫಜಲ್‌ನ ಗಮನಕ್ಕೂ ಬಂದಿತ್ತು.

ಪೆಟ್ಲುಪ್ಪಿನ ಕೊರತೆ ಮೋಲಿಗೆ ಸುಮಾರು 35 ಕಿಲೋಜೂಲ್, ಅಮೋನಿಯಂ ನೈಟ್ರೇಟಿಗಿಂತಲೂ ಹೆಚ್ಚು. ಗ್ರಾಂ ಲೆಕ್ಕದಲ್ಲೂ ಸ್ವಲ್ಪ ಮುಂದೆಯೇ. ಹಾಗಿದ್ದರೆ ಕೋಲ್ಡ್ ಪ್ಯಾಕಿನಲ್ಲಿ ಅದನ್ನೇ ಯಾಕೆ ತುಂಬುವುದಿಲ್ಲ? ನನಗೆ ಈ ಇಡೀ ವಿಷಯದಲ್ಲಿ ಇಷ್ಟವಾದ ಭಾಗ ಇದು. ಕರಗಲು ಶಾಖ ಬೇಡುವ ಉಪ್ಪು, ನೀರು ತಣ್ಣಗಾದಷ್ಟೂ ಕಡಿಮೆ ಕರಗುತ್ತದೆ. 30 ಡಿಗ್ರಿಯ 100 ಗ್ರಾಂ ನೀರಿನಲ್ಲಿ ಪೆಟ್ಲುಪ್ಪು ಸುಮಾರು 46 ಗ್ರಾಂ ಕರಗಬಲ್ಲದು. 20 ಡಿಗ್ರಿಯಲ್ಲಿ 32 ಗ್ರಾಂ. 10 ಡಿಗ್ರಿಯಲ್ಲಿ 21 ಗ್ರಾಂ ಮಾತ್ರ. ಅಂದರೆ ತಾನು ತಂದ ತಂಪೇ ಅದರ ಕಾಲಿಗೆ ತೊಡರುತ್ತದೆ. ಅಕ್ಬರನ ಅಳತೆಯಲ್ಲಿ 100 ಗ್ರಾಂ ನೀರಿಗೆ 50 ಗ್ರಾಂ ಪೆಟ್ಲುಪ್ಪು ಬೀಳುತ್ತದೆ. ನಾನು ಲೆಕ್ಕ ಹಾಕಿ ನೋಡಿದೆ: 30 ಡಿಗ್ರಿಯಿಂದ ಶುರುಮಾಡಿದರೆ, ಅರ್ಧಕ್ಕಿಂತ ತುಸು ಹೆಚ್ಚು ಕರಗುವಷ್ಟರಲ್ಲಿ ನೀರು 15 ಡಿಗ್ರಿಯ ಹತ್ತಿರ ಬಂದು ಅಲ್ಲೇ ನಿಲ್ಲುತ್ತದೆ. ಉಳಿದದ್ದು ತಳದಲ್ಲಿ. ಕುಡಿಯಲು ಅದು ಹಿತವಾದ ತಂಪು. ಬಾತ ಕಾಲಿಗೆ ಸಾಲದು.

ಅಮೋನಿಯಂ ನೈಟ್ರೇಟಿಗೂ ಈ ತೊಡರು ಇದೆ, ಆದರೆ ಅದರ ಕರಗುವ ಶಕ್ತಿಯೇ ಅಷ್ಟು ದೊಡ್ಡದು: ಸೊನ್ನೆ ಡಿಗ್ರಿಯ 100 ಗ್ರಾಂ ನೀರಿನಲ್ಲೂ 118 ಗ್ರಾಂ ಕರಗುತ್ತದೆ. ಚೀಲದಲ್ಲಿ ಹಾಕಿದ್ದೆಲ್ಲ ಕರಗಿ ಮುಗಿಯುವವರೆಗೆ ಯಾವುದೂ ಅದನ್ನು ತಡೆಯುವುದಿಲ್ಲ. ಕೋಲ್ಡ್ ಪ್ಯಾಕಿಗೆ ಬೇಕಾದದ್ದು ಮೋಲಿನ ಲೆಕ್ಕದ ದೊಡ್ಡ ಸಂಖ್ಯೆಯೊಂದೇ ಅಲ್ಲ. ಹಗುರ ಉಪ್ಪು, ಸ್ವಲ್ಪ ನೀರಿನಲ್ಲಿ ಬಹಳ ಕರಗುವ ಉಪ್ಪು. ಯೂರಿಯಾ ಅಯಾನುಗಳ ಉಪ್ಪಲ್ಲದಿದ್ದರೂ ಈ ಗುಣಗಳು ಅದಕ್ಕೂ ಇವೆ. ನೈಟ್ರೇಟಿನ ಕಟ್ಟುಪಾಡುಗಳೂ ಅದಕ್ಕಿಲ್ಲ. ಅದಕ್ಕೇ ಈಗ ಬಹಳಷ್ಟು ಚೀಲಗಳಲ್ಲಿ ಯೂರಿಯಾ ಬರುತ್ತದೆ.

ಸರ್ ಬಳಿಯಿದ್ದ ಯೂರಿಯಾದಲ್ಲಿ ನಾವೂ ಒಂದು ಚೀಲ ಮಾಡಿ ನೋಡಿದೆವು. ಜಿಪ್ ಇರುವ ದಪ್ಪ ಕವರಿನಲ್ಲಿ 60 ಗ್ರಾಂ ಯೂರಿಯಾ, ಒಳಗೆ ಗಂಟು ಕಟ್ಟಿದ ತೆಳು ಕವರಿನಲ್ಲಿ 100 ಮಿ.ಲೀ. ನೀರು. ಒಡೆದು ಅಲುಗಿಸಿದಾಗ 28ರಿಂದ 11 ಡಿಗ್ರಿಗೆ ಇಳಿಯಿತು. ಟವೆಲಿನಲ್ಲಿ ಸುತ್ತಿ ನನ್ನ ಕಾಲಿಗೇ ಕಟ್ಟಿಕೊಂಡು ಕೂತೆ. ಹತ್ತು ನಿಮಿಷ ಚೆನ್ನಾಗಿತ್ತು, ಕಾಲು ಗಂಟೆಗೆ ಬರೀ ತಣ್ಣೀರಿನ ಪೊಟ್ಟಣ.

ಯಾಕಿಷ್ಟು ಬೇಗ ಎಂದು ಲೆಕ್ಕ ಹಾಕಿದಾಗ ಕೋಲ್ಡ್ ಪ್ಯಾಕಿನ ಮಿತಿ ಗೊತ್ತಾಯಿತು. ಒಳ್ಳೆಯ ಅಮೋನಿಯಂ ನೈಟ್ರೇಟ್ ಚೀಲವನ್ನೇ ತೆಗೆದುಕೊಳ್ಳಿ: 60 ಗ್ರಾಂ ಉಪ್ಪು ಒಟ್ಟು 19 ಕಿಲೋಜೂಲಿನಷ್ಟು ಶಾಖ ಹೀರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಚೀಲದ ಸ್ವಂತ ನೀರನ್ನು ತಣ್ಣಗೆ ಮಾಡಲು ಹೋಗುತ್ತದೆ. ಆ ತಣ್ಣೀರು ಮೆಲ್ಲಗೆ ಬಿಸಿಯೇರುವಾಗಷ್ಟೇ ಕಾಲಿನಿಂದ ಶಾಖ ಎಳೆಯುತ್ತದೆ, ಏರಿದಂತೆ ಎಳೆತವೂ ಸಡಿಲ. ಅದೇ 160 ಗ್ರಾಂ ಐಸ್ ಇದ್ದರೆ, ಕರಗುವುದಕ್ಕೇ 53 ಕಿಲೋಜೂಲ್ ಬೇಕು, ಪೂರ್ತಿ ಕರಗುವವರೆಗೂ ಸೊನ್ನೆ ಡಿಗ್ರಿ ಬಿಟ್ಟು ಕದಲುವುದಿಲ್ಲ. ಐಸ್ ಮೊದಲೇ ಫ್ಯಾಕ್ಟರಿಯಲ್ಲಿ ತಣ್ಣಗಾಗಿ ಬಂದಿದೆ. ಚೀಲ ತನ್ನನ್ನು ತಾನೇ ತಣ್ಣಗಾಗಿಸಿಕೊಳ್ಳಬೇಕು.

ಹಾಗಾಗಿ ಪೆಟ್ಟಿಗೆಯ ಮುಚ್ಚಳದ ಒಳಗೆ ಈಗ ಒಂದು ಚೀಟಿ ಅಂಟಿಸಿದ್ದೇನೆ. ತಿಂಗಳಿಗೊಮ್ಮೆ ಪ್ರತಿ ಚೀಲವನ್ನು ಕಿವಿಯ ಬಳಿ ಮೆಲ್ಲಗೆ ಅಲುಗಿಸಬೇಕು: ಹರಳು ಸರಸರ ಎನ್ನಬೇಕು, ಒಳಚೀಲದ ನೀರು ಬೇರೆಯಾಗಿ ಕೈಗೆ ಸಿಗಬೇಕು. ಹರಳೆಲ್ಲ ಒಂದೇ ಮುದ್ದೆಯಾಗಿದ್ದರೆ ಅಥವಾ ಇಡೀ ಚೀಲ ಗುಳುಗುಳು ಎಂದರೆ ಅದು ಮುಗಿದಿದೆ, ಹೊರಗೆ ಹಾಕಿ. ಹಿಸುಕುವ ಮೊದಲು ಹೆಸರು ಓದಿ. ಬಿಸಿ ಚೀಲವೂ ನೋಡಲು ಹೀಗೇ ಇರುತ್ತದೆ. ಬರೀ ಚರ್ಮದ ಮೇಲೆ ಇಡಬೇಡಿ, ಬಟ್ಟೆ ಸುತ್ತಿ, ಒಂದು ಸಲಕ್ಕೆ 15-20 ನಿಮಿಷ ಸಾಕು. ಹರಿದು ಸೋರಿದರೆ ಕೈ ತೊಳೆಯಿರಿ, ಬಾಯಿಗೆ ಹೋಗಬಾರದು.

ಚೀಟಿಯ ಕೊನೆಯ ಸಾಲು ಪಿ.ಇ. ಸರ್ ಸೇರಿಸಿದ್ದು. ಮೈದಾನದ ಹತ್ತಿರ ಮೀನು ಮಾರುವವರಿದ್ದರೆ ಮೊದಲು ಅವರ ಬಳಿ ಒಂದು ಹಿಡಿ ಐಸ್ ಕೇಳಿ. ಸಿಗದಿದ್ದರೆ ಚೀಲ ಹಿಸುಕಿ.